ಏಪ್ರಿಲ್‌ನಿಂದ ಮೀಟರ್ ಕಳಚುವವರೆಗಿನ ಬಡ್ಡಿ

ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರು, ಊರಿನ ಮನೆ ಮಾರಿ ಮಕ್ಕಳಿದ್ದಲ್ಲಿಗೆ ಹೊರಟವರು, ಅಂಗಡಿ ಮುಚ್ಚಿ ಶಟರ್ ಎಳೆದವರು ಒಂದಲ್ಲ ಒಂದು ದಿನ ವಿದ್ಯುತ್ ಕಚೇರಿಯ ಕೌಂಟರಿಗೆ ಹೋಗಲೇಬೇಕು. ಮೀಟರ್ ತೆಗೆಸಬೇಕು, ಫೈನಲ್ ಬಿಲ್ ಕಟ್ಟಬೇಕು, ಡಿಪಾಸಿಟ್ ವಾಪಸ್ ಪಡೆಯಬೇಕು. ಮೊದಲ ಎರಡು ಕೆಲಸ ಬೇಗ ಮುಗಿಯುತ್ತವೆ, ಏಕೆಂದರೆ ಅಲ್ಲಿ ಹಣ ಕೊಡುವವರು ನಾವು. ಮೂರನೆಯದಕ್ಕೆ ಬಂದಾಗ ಕಂಪ್ಯೂಟರ್ ಮುಂದೆ ಕೂತವರು ಆರ್‌ಆರ್ ನಂಬರ್ ಒತ್ತಿ, ಪರದೆ ನೋಡಿ, ಒಂದು ಮೊತ್ತ ಹೇಳುತ್ತಾರೆ. ಆ ಮೊತ್ತ ಸರಿಯೋ ತಪ್ಪೋ ಎಂದು ಕೇಳುವವರು ಕಡಿಮೆ. ಅದರ ಮೇಲಿನ ಬಡ್ಡಿ ಎಲ್ಲಿ ಎಂದು ಕೇಳುವವರು ಇನ್ನೂ ಕಡಿಮೆ.

ಬಡ್ಡಿ ಸಣ್ಣ ಮೊತ್ತವೇ, ಒಪ್ಪೋಣ. ಸಾಮಾನ್ಯ ಮನೆಯ ಲೆಕ್ಕದಲ್ಲಿ ಕೆಲವು ನೂರು ರೂಪಾಯಿ. ಆದರೆ ಆ ಬಡ್ಡಿಯ ಸಾಲು ಬಿಲ್‌ನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಅಸಲು ಕಚೇರಿಯ ಲೆಕ್ಕದಲ್ಲಿ ಉಳಿದಿದೆಯೋ ಇಲ್ಲವೋ ಎಂದು ಹೇಳಬಹುದು. ಅದನ್ನು ತಿಳಿಯಲು ಠೇವಣಿಯ ಬುಡದಿಂದಲೇ ಶುರು ಮಾಡಬೇಕು.

ನಾವು ಕರೆಂಟನ್ನು ಸಾಲವಾಗಿ ಪಡೆಯುತ್ತೇವೆ. ತಿಂಗಳಿಡೀ ಉಪಯೋಗಿಸಿದ ಮೇಲೆ ಮೀಟರ್ ರೀಡರ್ ಬಂದು ಬಿಲ್ ಕೊಡುತ್ತಾರೆ, ಕಟ್ಟಲು ಒಂದಷ್ಟು ದಿನ ಗಡುವು ಇರುತ್ತದೆ. ಕಟ್ಟದಿದ್ದರೂ ತಕ್ಷಣ ಫ್ಯೂಸ್ ಕೀಳುವಂತಿಲ್ಲ, 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಳಸಿದ ತಿಂಗಳು, ಗಡುವು, ನೋಟಿಸಿನ ದಿನಗಳು ಎಲ್ಲ ಸೇರಿದರೆ ಹೆಚ್ಚುಕಡಿಮೆ ಎರಡು ತಿಂಗಳು. ಅಷ್ಟು ದಿನದ ಕರೆಂಟಿನ ಹಣ ಮುಳುಗದಿರಲಿ ಎಂದು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಹಣವನ್ನು ಕಂಪನಿ ಮೊದಲೇ ಇಟ್ಟುಕೊಳ್ಳುತ್ತದೆ. ಇದಕ್ಕೇ ಭದ್ರತಾ ಠೇವಣಿ ಎನ್ನುವುದು. ಕಚೇರಿಯ ಹಳಬರ ಬಾಯಲ್ಲಿ ಇದು ಇನ್ನೂ 'ಎಂಎಂಡಿ'. ಮನೆ ಮಾಲೀಕರಿಗೆ ಕೊಡುವ ಅಡ್ವಾನ್ಸ್ ಇದ್ದ ಹಾಗೆಯೇ, ಒಂದು ದೊಡ್ಡ ವ್ಯತ್ಯಾಸ ಬಿಟ್ಟು. ಮಾಲೀಕರ ಬಳಿ ಇರುವ ಅಡ್ವಾನ್ಸಿಗೆ ಬಡ್ಡಿ ಹುಟ್ಟುವುದಿಲ್ಲ, ಇಲ್ಲಿ ಹುಟ್ಟುತ್ತದೆ.

ಅದೇ ಕಾಯ್ದೆಯ 47ನೇ ಕಲಮು ಠೇವಣಿ ಕೇಳುವ ಹಕ್ಕನ್ನು ಕಂಪನಿಗೆ ಕೊಟ್ಟಿದೆ. ಆ ಕಲಮಿನ ನಾಲ್ಕನೇ ಉಪಕಲಮು ಎರಡು ಹೊಣೆಗಳನ್ನೂ ಹೊರಿಸಿದೆ. ಠೇವಣಿಯ ಮೇಲೆ ಬ್ಯಾಂಕ್ ದರಕ್ಕೆ ಸಮನಾದ, ಅಥವಾ ರಾಜ್ಯದ ನಿಯಂತ್ರಣ ಆಯೋಗ ಹೇಳಿದರೆ ಅದಕ್ಕಿಂತ ಹೆಚ್ಚಿನ ಬಡ್ಡಿ ಕೊಡಬೇಕು. ಠೇವಣಿ ಇಟ್ಟವರು ಕೇಳಿದಾಗ ಅದನ್ನು ಹಿಂದಿರುಗಿಸಬೇಕು. ಬಡ್ಡಿ ಎಂಬುದು ಕಂಪನಿ ದಯೆಯಿಂದ ಕೊಡುವ ರಿಯಾಯಿತಿಯಲ್ಲ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಎಸ್ಕಾಂಗಳು ಈ ಬಡ್ಡಿಯನ್ನು ತಮ್ಮ ವಾರ್ಷಿಕ ಖರ್ಚಿನಲ್ಲಿ ತೋರಿಸುತ್ತವೆ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿ ಮಾಡುವಾಗ ಆ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂದರೆ ಬಡ್ಡಿ ಕೊಡಲು ಬೇಕಾದ ಹಣ ಯೂನಿಟ್ ದರದ ಮೂಲಕ ನಮ್ಮೆಲ್ಲರಿಂದಲೇ ಬರುತ್ತಿದೆ. ಹಾಗಿರುವಾಗ ಒಬ್ಬರ ಖಾತೆಗೆ ಬಡ್ಡಿ ಜಮಾ ಆಗದೇ ಹೋದರೆ ಅದನ್ನು ಸಣ್ಣ ವಿಷಯ ಎಂದು ಬಿಡಲು ನನಗೆ ಮನಸ್ಸಾಗುವುದಿಲ್ಲ.

ಬ್ಯಾಂಕ್ ದರ ಎಂದರೆ ನಮ್ಮ ಉಳಿತಾಯ ಖಾತೆಗೆ ಬ್ಯಾಂಕು ಕೊಡುವ ಬಡ್ಡಿಯಲ್ಲ, ರಿಸರ್ವ್ ಬ್ಯಾಂಕ್ ಪ್ರಕಟಿಸುವ ಒಂದು ದರ. ಈಚಿನ ವರ್ಷಗಳಲ್ಲಿ ಅದು ರೆಪೋ ದರಕ್ಕಿಂತ ಕಾಲು ಪರ್ಸೆಂಟ್ ಮೇಲಿದೆ. ಕರ್ನಾಟಕದಲ್ಲಿ ಪಾಲಿಸುವ ಪದ್ಧತಿ ಸರಳ: ಯಾವ ಆರ್ಥಿಕ ವರ್ಷದ ಬಡ್ಡಿಯೋ ಆ ವರ್ಷದ ಏಪ್ರಿಲ್ 1ರಂದು ಇದ್ದ ಬ್ಯಾಂಕ್ ದರವೇ ಇಡೀ ವರ್ಷಕ್ಕೆ ಅನ್ವಯ. 2021ರ ಮತ್ತು 2022ರ ಏಪ್ರಿಲ್ 1ರಂದು ಅದು ಶೇ 4.25 ಇತ್ತು. 2023ರಲ್ಲಿ ಮತ್ತು 2024ರಲ್ಲಿ ಶೇ 6.75. 2025ರ ಏಪ್ರಿಲ್ 1ರಂದು ಶೇ 6.50. ಅದಾದ ಕೆಲವೇ ದಿನಗಳಲ್ಲಿ ರಿಸರ್ವ್ ಬ್ಯಾಂಕ್ ದರ ಇಳಿಸಿತು, ಜೂನ್‌ನಲ್ಲಿ ಮತ್ತೆ ಇಳಿಸಿತು. ಆದರೂ 2025–26ರ ಠೇವಣಿಗೆ ಶೇ 6.50ರಲ್ಲೇ ಲೆಕ್ಕ. ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆಯ ಬಡ್ಡಿ ಶೇ 3ರ ಒಳಗೇ ಇರುವ ಈ ಕಾಲದಲ್ಲಿ ಕರೆಂಟ್ ಕಂಪನಿಯಲ್ಲಿ ಇಟ್ಟ ಹಣವೇ ಹೆಚ್ಚು ದುಡಿಯುತ್ತಿದೆ ಎನ್ನುವುದು ತಮಾಷೆಯಾದರೂ ನಿಜ. ನಾವು ಇಷ್ಟಪಟ್ಟು ಇಟ್ಟ ಹಣವಲ್ಲ, ಅಷ್ಟೆ.

ವರ್ಷ ಮುಗಿದ ಮೇಲೆ ಈ ಬಡ್ಡಿಯನ್ನು ಕೈಗೆ ಕೊಡುವುದಿಲ್ಲ, ಬಿಲ್‌ನಲ್ಲಿ ಕಳೆಯುತ್ತಾರೆ. ಸಾಮಾನ್ಯವಾಗಿ ಹೊಸ ಆರ್ಥಿಕ ವರ್ಷದ ಮೊದಲ ಕೆಲವು ತಿಂಗಳ ಬಿಲ್ಲುಗಳಲ್ಲಿ ಎಲ್ಲೋ ಒಂದು ಕಡೆ ಠೇವಣಿ ಮೇಲಿನ ಬಡ್ಡಿ ಎಂಬ ಜಮೆ ಬರುತ್ತದೆ. ಅದು ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. ಹಿಂದಿನ ವರ್ಷದ ಬಳಕೆ ನೋಡಿ 'ನಿಮ್ಮ ಠೇವಣಿ ಸಾಲದು, ಇನ್ನಷ್ಟು ಕಟ್ಟಿ' ಎಂಬ ಹೆಚ್ಚುವರಿ ಠೇವಣಿಯ ಬೇಡಿಕೆಯೂ ವರ್ಷಕ್ಕೊಮ್ಮೆ ಬರುತ್ತದೆ. ಸಾವಿರದ ಬೇಡಿಕೆ ಕಂಡ ಕಣ್ಣಿಗೆ ಇನ್ನೂರರ ಜಮೆ ಕಾಣುವುದಿಲ್ಲ. ಗೃಹಜ್ಯೋತಿ ಬಂದ ಮೇಲಂತೂ ಶೂನ್ಯ ಬಿಲ್ ಬರುವ ಮನೆಗಳಲ್ಲಿ ಆ ಚೀಟಿಯನ್ನು ಓದುವ ಅಭ್ಯಾಸವೇ ಹೋಗಿದೆ. ಬಿಲ್ ಶೂನ್ಯವಾದರೂ ಠೇವಣಿ ಅಲ್ಲೇ ಇರುತ್ತದೆ, ಅದರ ಬಡ್ಡಿಯೂ ನಡೆಯುತ್ತಲೇ ಇರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಡ್ಡಿ ಜಮೆ ಒಂದು ವರ್ಷವೂ ಕಾಣಿಸದಿದ್ದರೆ ಏನರ್ಥ? ಕಂಪ್ಯೂಟರು ತನ್ನಲ್ಲಿರುವ ಠೇವಣಿಯ ಮೊತ್ತಕ್ಕೆ ದರ ಗುಣಿಸಿ ಬಡ್ಡಿ ಹಾಕುತ್ತದೆ. ಮೊತ್ತದ ಜಾಗದಲ್ಲಿ ಸೊನ್ನೆ ಇದ್ದರೆ ಬಡ್ಡಿಯೂ ಸೊನ್ನೆ. ಆದ್ದರಿಂದ ಬಡ್ಡಿ ಬಾರದ ಖಾತೆ ಎಂದರೆ ಹೆಚ್ಚಿನ ಸಲ ಠೇವಣಿಯೇ ದಾಖಲಾಗದ ಖಾತೆ.

ಇದು ಹೇಗಾಗುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಳೇ ಮನೆಗಳಿಗೆ ಕರೆಂಟ್ ಕೊಟ್ಟದ್ದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಜನರ ಬಾಯಲ್ಲಿ ಕೆಇಬಿ. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯ ಕೆಲಸ ಬೇರೆಯಾಗಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಗುಲ್ಬರ್ಗದ ಕಂಪನಿಗಳು ಹುಟ್ಟಿದವು, ಆಮೇಲೆ ಮೈಸೂರಿನದು ಸೇರಿತು. ಮಂಡಳಿಯ ಕಾಲದಲ್ಲಿ ಠೇವಣಿ ಬರೆದಿದ್ದು ಉದ್ದನೆಯ ಲೆಡ್ಜರಿನಲ್ಲಿ, ಕೈಬರಹದಲ್ಲಿ. ಆ ಪುಸ್ತಕಗಳಿಂದ ಕಂಪ್ಯೂಟರಿಗೆ, ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ, ಒಂದು ಉಪವಿಭಾಗ ಎರಡಾದಾಗ ಒಂದರಿಂದ ಮತ್ತೊಂದಕ್ಕೆ ಅಂಕಿಗಳು ಸಾಗಬೇಕಾಯಿತು. ಬಾಕಿ ಇದ್ದವರ ಬಾಕಿಯನ್ನು ಯಾರೂ ಮರೆಯುವುದಿಲ್ಲ, ಅದು ತಿಂಗಳು ತಿಂಗಳೂ ಬಿಲ್‌ನಲ್ಲಿ ಮೇಲೆದ್ದು ಕೇಳುತ್ತದೆ. ಠೇವಣಿ ಹಾಗಲ್ಲ. ಅದು ಬಿಟ್ಟುಹೋದರೆ ಗ್ರಾಹಕರು ಕೇಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಕಂಡುಹಿಡಿಯಲು ಇನ್ನೊಂದು ದಾರಿ ಹೆಚ್ಚುವರಿ ಠೇವಣಿಯ ನೋಟಿಸೇ. ನಿಮ್ಮ ತಿಂಗಳ ಸರಾಸರಿ ಬಿಲ್ 2,400 ರೂ. ಎಂದಿಟ್ಟುಕೊಳ್ಳಿ. ಎರಡು ತಿಂಗಳಿಗೆ 4,800 ಇರಬೇಕು. ಲೆಕ್ಕದಲ್ಲಿ ಈಗಾಗಲೇ 3,600 ಇದ್ದರೆ 1,200 ಮಾತ್ರ ಕೇಳಬೇಕು. ನೋಟಿಸಿನಲ್ಲಿ ಇಡೀ 4,800 ಕೇಳಿದ್ದಾರೆ ಎಂದರೆ ಅವರ ಪರದೆಯ ಮೇಲೆ ನಿಮ್ಮ ಹಳೇ ಠೇವಣಿ ಸೊನ್ನೆ ಎಂದೇ ಅರ್ಥ. ಅದನ್ನು ಗಮನಿಸದೆ ಕಟ್ಟಿದವರು ಎರಡು ಸಲ ಠೇವಣಿ ಇಟ್ಟಂತಾಯಿತು, ಮುಚ್ಚುವಾಗ ಮಾತ್ರ ಒಂದೇ ವಾಪಸ್ ಬರುತ್ತದೆ.

ದೂರು ಕೊಡಬೇಕಾದ್ದು ಆಗಲೇ, ಸಂಪರ್ಕ ಚಾಲ್ತಿಯಲ್ಲಿರುವಾಗಲೇ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹೆಸರಿಗೆ ಒಂದು ಪತ್ರ ಬರೆದು ಮೂಲ ಠೇವಣಿ ರಸೀದಿಯ ನಕಲು ಲಗತ್ತಿಸಿದರೆ ಲೆಕ್ಕಶಾಖೆಯವರು ಹಳೇ ಕಡತ ತೆಗೆಯುತ್ತಾರೆ. ರಸೀದಿ ಎಲ್ಲಿ ಎಂಬುದೇ ಕಷ್ಟದ ಪ್ರಶ್ನೆ. ಮೂವತ್ತು ವರ್ಷದ ಹಿಂದೆ ಅಪ್ಪ ಕಟ್ಟಿದ ಠೇವಣಿಯ ಚೀಟಿ ಮನೆಪತ್ರದ ಕಟ್ಟಿನೊಳಗೆ ಇದ್ದರೂ ಇರಬಹುದು. ಇಲ್ಲದಿದ್ದರೆ ಅದೇ ಪತ್ರದಲ್ಲಿ, ಸಂಪರ್ಕ ಮಂಜೂರಾದ ವರ್ಷ, ಲೋಡು ಮತ್ತು ಆರ್‌ಆರ್ ನಂಬರ್ ಕೊಟ್ಟು ಕಚೇರಿಯ ಠೇವಣಿ ಲೆಡ್ಜರ್ ಮತ್ತು ಸಂಪರ್ಕದ ಕಡತ ನೋಡಿ ಹೇಳಿ ಎಂದು ಕೇಳಬೇಕು. ರಸೀದಿ ಕಳೆದಿದ್ದರೆ ಇಂಡೆಮ್ನಿಟಿ ಬಾಂಡ್ ಕೇಳುವ ರೂಢಿ ಇದೆ. ಇದೇ ಕೆಲಸವನ್ನು ಸಂಪರ್ಕ ಮುಚ್ಚಿದ ಮೇಲೆ ಮಾಡಹೊರಟರೆ ಆರ್‌ಆರ್ ನಂಬರ್ ಆಗಲೇ ರದ್ದಾಗಿರುತ್ತದೆ, ಓಡಾಟ ದುಪ್ಪಟ್ಟಾಗುತ್ತದೆ.

ಮುಚ್ಚುವ ವಿಧಾನಕ್ಕೆ ಬರೋಣ. ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ಹೊರಡಿಸಿತು. ಶಾಶ್ವತವಾಗಿ ಸಂಪರ್ಕ ಕಡಿತ ಬೇಕಾದ ಗ್ರಾಹಕರು ಅರ್ಜಿ ಕೊಡಬೇಕು. ಕಂಪನಿ ವಿಶೇಷ ರೀಡಿಂಗ್ ತೆಗೆಸಿ ಅಂತಿಮ ಬಿಲ್ ತಯಾರಿಸಬೇಕು. ಬಿಲ್ ಕಟ್ಟಿದ ತಕ್ಷಣ ಸಂಪರ್ಕ ಕಡಿಯಬೇಕು. ಆ ರೀಡಿಂಗ್ ಆದ ಮೇಲೆ ನಿಜವಾಗಿ ತಂತಿ ಕಳಚುವವರೆಗೆ ಏನಾದರೂ ಬಳಕೆಯಾಗಿದ್ದರೆ ಅದನ್ನು ಠೇವಣಿಯಲ್ಲಿ ಹಿಡಿದುಕೊಳ್ಳಬಹುದು. ಉಳಿದ ಠೇವಣಿಯನ್ನು ಆಯೋಗ ಹೇಳಿದ ಅವಧಿಯೊಳಗೆ ವಾಪಸ್ ಕೊಡಬೇಕು, ಆ ಅವಧಿ ಯಾವ ಕಾರಣಕ್ಕೂ 7 ದಿನ ಮೀರುವಂತಿಲ್ಲ. ಮನೆ ಖಾಲಿ ಮಾಡುವವರು ಅಥವಾ ಬೇರೆಯವರಿಗೆ ಬಿಟ್ಟುಕೊಡುವವರು ಕನಿಷ್ಠ 7 ದಿನ ಮೊದಲೇ ವಿಶೇಷ ರೀಡಿಂಗಿಗೆ ಬರೆದುಕೊಡಬೇಕು, ಆಗ ಖಾಲಿ ಮಾಡುವ ದಿನಕ್ಕೆ ಕನಿಷ್ಠ 3 ದಿನ ಮುಂಚೆ ಬಾಕಿಗಳೆಲ್ಲ ಸೇರಿದ ಅಂತಿಮ ಬಿಲ್ ಕೈಗೆ ಬರಬೇಕು. ಅಂತಿಮ ಬಿಲ್ ಕೊಟ್ಟ ಮೇಲೆ ಅದಕ್ಕಿಂತ ಹಿಂದಿನ ಅವಧಿಗೆ ಹೊಸ ಬಾಕಿ ಹುಡುಕಿ ತೆಗೆಯುವ ಹಕ್ಕು ಕಂಪನಿಗೆ ಇರುವುದಿಲ್ಲ.

ನಿಯಮದ ಈ ಅನುಕ್ರಮವನ್ನು ಗಮನಿಸಿ: ಮೊದಲು ಬಿಲ್ ಕಟ್ಟುವುದು, ಆಮೇಲೆ ಠೇವಣಿ ಪಡೆಯುವುದು. ಕಚೇರಿಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆ. 'ಸರ್, ನೀವು ಏನೂ ಕಟ್ಟೋದು ಬೇಡ, ಡಿಪಾಸಿಟ್‌ನಲ್ಲೇ ಅಡ್ಜಸ್ಟ್ ಮಾಡ್ತೀವಿ' ಎನ್ನುತ್ತಾರೆ. ಕೇಳಲು ಅನುಕೂಲವಾಗಿಯೇ ಇದೆ. ಆದರೆ ಅಂತಿಮ ಬಿಲ್, ಠೇವಣಿ, ಬಡ್ಡಿ ಮೂರೂ ಒಂದರೊಳಗೊಂದು ಸೇರಿ ಕೊನೆಗೆ ಒಂದೇ ಅಂಕಿ ಉಳಿಯುತ್ತದೆ. ಅದರೊಳಗೆ ಬಡ್ಡಿ ಸೇರಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಅಂತಿಮ ಬಿಲ್ಲನ್ನು ಪ್ರತ್ಯೇಕವಾಗಿ ಕಟ್ಟಿ ರಸೀದಿ ಇಟ್ಟುಕೊಳ್ಳುವುದೇ ಒಳ್ಳೆಯದು. ಆಗ ವಾಪಸ್ ಬರಬೇಕಾದ್ದು ಠೇವಣಿ ಮತ್ತು ಬಡ್ಡಿ ಮಾತ್ರ, ಒಂದು ರೂಪಾಯಿ ಕಡಿಮೆಯಾದರೂ ತಿಳಿಯುತ್ತದೆ. ಅಡ್ಜಸ್ಟ್ ಮಾಡಿಸಿಕೊಳ್ಳುವುದೇ ಆದರೆ ಲೆಕ್ಕದ ಹಾಳೆ ಕೇಳಬೇಕು.

ಒಂದು ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ದಾವಣಗೆರೆಯ ಒಂದು ಮನೆ ಎಂದುಕೊಳ್ಳಿ. 2024ರ ಏಪ್ರಿಲ್ 1ರಂದು ಅದರ ಠೇವಣಿ 3,600 ರೂ. ಹಿಂದಿನ ವರ್ಷದ ಬಳಕೆ ನೋಡಿ ಇನ್ನೂ 1,200 ಕೇಳಿದರು, ಮನೆಯವರು ಸೆಪ್ಟೆಂಬರ್ 1ರಂದು ಕಟ್ಟಿದರು. ಒಟ್ಟು 4,800. ಮನೆ ಕೆಡವಲು ನಿರ್ಧರಿಸಿ 2025ರ ಅಕ್ಟೋಬರ್ 31ರಂದು ಮೀಟರ್ ತೆಗೆಸಿದರು. ಸಾಮಾನು ಆಗಲೇ ಸಾಗಿಸಿದ್ದರಿಂದ ಕೊನೆಯ ತಿಂಗಳ ಬಳಕೆ ಕಡಿಮೆ. ಯೂನಿಟ್ ಲೆಕ್ಕ, ನಿಗದಿತ ಶುಲ್ಕ, ತೆರಿಗೆ ಎಲ್ಲ ಕೂಡಿ ಅಂತಿಮ ಬಿಲ್ 940 ರೂ. ಎಂದಿರಲಿ.

ಮೊದಲು 2024–25ರ ಬಡ್ಡಿ. ದರ ಶೇ 6.75. ಹಳೆಯ 3,600ಕ್ಕೆ ಇಡೀ ವರ್ಷದ ಬಡ್ಡಿ 243 ರೂಪಾಯಿ. ಹೊಸ 1,200 ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಏಳು ತಿಂಗಳು ಇತ್ತು, ಅದಕ್ಕೆ 47 ರೂಪಾಯಿ 25 ಪೈಸೆ. ಎರಡೂ ಸೇರಿ 290 ರೂಪಾಯಿ 25 ಪೈಸೆ. ಇದು 2025ರ ಬೇಸಿಗೆ–ಮಳೆಗಾಲದ ನಡುವಿನ ಯಾವುದೋ ಬಿಲ್‌ನಲ್ಲಿ ಜಮೆಯಾಗಿ ಬಂದಿರಬೇಕು. ಬಂದಿದೆಯೇ ಎಂದು ಆ ತಿಂಗಳುಗಳ ಬಿಲ್ ತೆಗೆದು ನೋಡಬೇಕು. ಬಂದಿದ್ದರೆ ಇದರ ಮಾತು ಮುಗಿಯಿತು, ಅಂತಿಮ ಲೆಕ್ಕದಲ್ಲಿ ಮತ್ತೆ ಕೇಳುವಂತಿಲ್ಲ. ಬಂದಿರದಿದ್ದರೆ ಈಗ ಸೇರಿಸಬೇಕು.

ಇನ್ನು ಉಳಿದದ್ದು ಮುರಿದ ವರ್ಷದ ಬಡ್ಡಿ. 2025ರ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಏಳು ತಿಂಗಳು 4,800 ರೂಪಾಯಿ ಕಂಪನಿಯ ಬಳಿಯೇ ಇತ್ತು. ಶೇ 6.50ರಲ್ಲಿ ಇಡೀ ವರ್ಷಕ್ಕೆ 312 ರೂಪಾಯಿ, ಏಳು ತಿಂಗಳಿಗೆ 182. ದಿನದ ಲೆಕ್ಕ ಹಿಡಿದರೆ 214 ದಿನಕ್ಕೆ 182 ರೂಪಾಯಿ 93 ಪೈಸೆ. ಆ ಪೈಸೆಗಳಿಗಾಗಿ ಯಾರೂ ಜಗಳವಾಡುವುದು ಬೇಡ. ನಾವು ತಿಂಗಳ ಲೆಕ್ಕವನ್ನೇ ಇಟ್ಟುಕೊಳ್ಳೋಣ.

ಮನೆಯವರು 940 ರೂಪಾಯಿಯ ಬಿಲ್ ಬೇರೆಯಾಗಿ ಕಟ್ಟಿದ್ದರೆ ಅವರ ಖಾತೆಗೆ 4,982 ಬರಬೇಕು. ಠೇವಣಿಯಲ್ಲೇ ಹಿಡಿದುಕೊಳ್ಳಿ ಎಂದಿದ್ದರೆ 4,042. ಕೈಗೆ ಬಂದದ್ದು 3,860 ಆಗಿದ್ದರೆ? 4,800ರಲ್ಲಿ 940 ಕಳೆದರೆ ಸರಿಯಾಗಿ ಅಷ್ಟೇ ಉಳಿಯುತ್ತದೆ. ಹಾಗಾದರೆ ಮುರಿದ ವರ್ಷದ ಬಡ್ಡಿ ಸೇರಿಯೇ ಇಲ್ಲ ಎಂದಾಯಿತು. ಅಂತಿಮ ಲೆಕ್ಕದಲ್ಲಿ ಸುಲಭವಾಗಿ ಜಾರಿಹೋಗುವ ಸಾಲು ಇದೇ. ಇದಕ್ಕೆ ಕಾರಣ ಯಾರ ದುರುದ್ದೇಶವೂ ಆಗಿರಬೇಕಿಲ್ಲ. ಬಡ್ಡಿ ಹಾಕುವ ಕೆಲಸ ವರ್ಷಕ್ಕೊಮ್ಮೆ, ಚಾಲ್ತಿಯಲ್ಲಿರುವ ಎಲ್ಲ ಖಾತೆಗಳಿಗೂ ಒಟ್ಟಿಗೆ ನಡೆಯುತ್ತದೆ. ಅಕ್ಟೋಬರಿನಲ್ಲಿ ಮುಚ್ಚಿದ ಖಾತೆ ಮುಂದಿನ ವರ್ಷ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಮುಚ್ಚುವ ದಿನವೇ ಯಾರಾದರೂ ಕೈಯಾರೆ ಲೆಕ್ಕ ಹಾಕಿ ಸೇರಿಸಿದರೆ ಬಂತು, ಇಲ್ಲದಿದ್ದರೆ ಹೋಯಿತು. ಕಾಯ್ದೆಯ 47ನೇ ಕಲಮು ಠೇವಣಿಯ ಮೇಲೆ ಬಡ್ಡಿ ಕೊಡಿ ಎನ್ನುತ್ತದೆಯೇ ಹೊರತು ಮಾರ್ಚ್ 31ರವರೆಗೆ ಗ್ರಾಹಕರಾಗಿ ಉಳಿದವರಿಗೆ ಮಾತ್ರ ಕೊಡಿ ಎನ್ನುವುದಿಲ್ಲ. ಆದ್ದರಿಂದ ಸಂಪರ್ಕ ರದ್ದತಿಯ ಅರ್ಜಿಯಲ್ಲೇ ಒಂದು ವಾಕ್ಯ ಸೇರಿಸಿಬಿಡುವುದು ಒಳ್ಳೆಯದು: 'ನನ್ನ ಭದ್ರತಾ ಠೇವಣಿಯನ್ನು, ಈ ಸಾಲಿನ ಏಪ್ರಿಲ್ 1ರಿಂದ ಹಿಂದಿರುಗಿಸುವ ದಿನದವರೆಗಿನ ಬಡ್ಡಿ ಸಹಿತ, ಈ ಕೆಳಗಿನ ಬ್ಯಾಂಕ್ ಖಾತೆಗೆ ಪಾವತಿಸಬೇಕಾಗಿ ಕೋರಿಕೆ.'

ಹಿಂದಿರುಗಿಸುವ ದಿನದವರೆಗೆ ಎಂದು ಬರೆಯಲು ಕಾರಣವಿದೆ. ಮೀಟರ್ ಕಳಚಿದ ಮೇಲೂ ಹಣ ಅವರ ಬಳಿಯೇ ನಾಲ್ಕಾರು ತಿಂಗಳು ಉಳಿಯುವುದುಂಟು. ಅಷ್ಟು ದಿನ ಬಡ್ಡಿ ನಿಂತುಹೋಗಬೇಕು ಎನ್ನಲು ನ್ಯಾಯವಾದ ಕಾರಣವೇನೂ ನನಗೆ ಕಾಣುವುದಿಲ್ಲ. ನಮ್ಮ ಬಿಲ್ ಕಟ್ಟುವುದು ತಡವಾದರೆ ಅವರು ಬಡ್ಡಿ ಹಾಕದೆ ಬಿಡುವುದಿಲ್ಲವಲ್ಲ.

ಮನೆಗೆ 182 ರೂಪಾಯಿಯಾದರೆ ಅಕ್ಕಿ ಗಿರಣಿಗೋ ವರ್ಕ್‌ಶಾಪಿಗೋ ಇದೇ ಸಾಲು ಭಾರವಾಗುತ್ತದೆ. 2,40,000 ರೂಪಾಯಿ ಠೇವಣಿ ಇಟ್ಟ ಘಟಕವೊಂದು ಸೆಪ್ಟೆಂಬರ್ ಕೊನೆಗೆ ಮುಚ್ಚಿದರೆ ಶೇ 6.50ರಲ್ಲಿ ಅರ್ಧ ವರ್ಷದ ಬಡ್ಡಿ 7,800 ರೂಪಾಯಿ. ಇಂಥವರು ಇನ್ನೊಂದನ್ನೂ ನೋಡಬೇಕು. ಈ ಬಡ್ಡಿ ತೆರಿಗೆಗೆ ಒಳಪಟ್ಟ ಆದಾಯ. ವರ್ಷದ ಬಡ್ಡಿ ಒಂದು ಮಿತಿ ದಾಟಿದರೆ ಕಂಪನಿ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತದೆ, ಪ್ಯಾನ್ ಕೊಟ್ಟಿರದಿದ್ದರೆ ಶೇ 20. ಆ ಮಿತಿ 2025ರ ಏಪ್ರಿಲ್‌ನಿಂದ 10,000 ರೂಪಾಯಿ. ಬಡ್ಡಿ ಕಡಿಮೆ ಬಂತು ಎಂದು ದೂರುವ ಮೊದಲು ವ್ಯತ್ಯಾಸ ಟಿಡಿಎಸ್‌ನದೇ ಇರಬಹುದೇ ಎಂದು ತೆರಿಗೆ ಖಾತೆಯ 26ಎಎಸ್ ನಮೂನೆಯಲ್ಲಿ ನೋಡಿಕೊಳ್ಳಬೇಕು.

ಮನೆಗೆ ಬೀಗ ಹಾಕಿ ಸುಮ್ಮನೆ ಹೊರಟುಹೋಗುವವರ ಕಥೆ ಬೇರೆ. ಅರ್ಜಿ ಕೊಡದೆ, ಮೀಟರ್ ತೆಗೆಸದೆ ಬಿಟ್ಟರೆ ಒಂದು ಯೂನಿಟ್ ಓಡದಿದ್ದರೂ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ತಿಂಗಳಾ ಏರುತ್ತದೆ, ಕಟ್ಟದ ಶುಲ್ಕದ ಮೇಲೆ ಬಡ್ಡಿ ಬೆಳೆಯುತ್ತದೆ. ಕೊನೆಗೆ ಕಂಪನಿ ತಾನಾಗಿಯೇ ಸಂಪರ್ಕ ಕಿತ್ತು ಬಾಕಿಯನ್ನು ಠೇವಣಿಯಲ್ಲಿ ಮುರಿದುಕೊಂಡಾಗ ವಾಪಸ್ ಬರಲು ಏನೂ ಉಳಿದಿರುವುದಿಲ್ಲ, ಕೆಲವೊಮ್ಮೆ ನಾವೇ ಕೊಡಬೇಕಾಗುತ್ತದೆ. ಊರಿನಲ್ಲಿ ಅಪ್ಪ ಅಮ್ಮ ತೀರಿಕೊಂಡ ಮೇಲೆ ಮುಚ್ಚಿದ ಮನೆಗಳಲ್ಲಿ ಆಗುವುದು ಹೀಗೇ. ಅಂಥ ಕಡೆ ಠೇವಣಿ ತೀರಿಕೊಂಡವರ ಹೆಸರಿನಲ್ಲೇ ಇರುತ್ತದೆ. ಹಣ ಪಡೆಯಲು ಮರಣ ಪ್ರಮಾಣಪತ್ರದ ಜೊತೆಗೆ ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ಮನೆಯನ್ನು ಇಟ್ಟುಕೊಳ್ಳುವುದಾದರೆ ಸಂಪರ್ಕವನ್ನು ಮೊದಲು ನಿಮ್ಮ ಹೆಸರಿಗೆ ಮಾಡಿಸಿ, ಠೇವಣಿಯೂ ಜೊತೆಗೇ ವರ್ಗವಾಗಿದೆ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಏಳು ದಿನ ಕಳೆದೂ ಹಣ ಬಾರದಿದ್ದರೆ, ಅಥವಾ ಬಡ್ಡಿ ಬಿಟ್ಟು ಬಂದರೆ, ಮೊದಲು ಅದೇ ಉಪವಿಭಾಗಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಬಹುದು, ಆದರೆ ಇಂಥ ಲೆಕ್ಕದ ವಿಷಯಕ್ಕೆ ಕಾಗದವೇ ಮೇಲು. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಕಾಯ್ದೆಯ 42ನೇ ಕಲಮಿನಡಿ ಪ್ರತಿ ವಿತರಣಾ ಕಂಪನಿಯೂ ಇದನ್ನು ಇಟ್ಟುಕೊಂಡಿರಲೇಬೇಕು. ವೇದಿಕೆಯ ತೀರ್ಪು ಸರಿಬರದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್. ವಕೀಲರಿಲ್ಲದೆಯೂ ನಡೆಸಬಹುದಾದ ವ್ಯವಹಾರ ಇದು. ಜೊತೆಗೆ ಇಡಬೇಕಾದ ಕಾಗದಗಳೂ ಹೆಚ್ಚಿಲ್ಲ: ಠೇವಣಿ ಕಟ್ಟಿದ ರಸೀದಿಗಳು, ಅಂತಿಮ ಬಿಲ್ ಮತ್ತು ಅದನ್ನು ಕಟ್ಟಿದ ರಸೀದಿ, ಕೊನೆಯ ರೀಡಿಂಗ್ ತೋರಿಸುವ ಮೀಟರಿನ ಫೋಟೊ. ಮೀಟರ್ ಕಳಚುವ ದಿನ ಲೈನ್‌ಮನ್ ಎದುರಿಗೇ ಆ ಫೋಟೊ ತೆಗೆದುಕೊಳ್ಳಿ. ಮೀಟರ್ ಹೋದ ಮೇಲೆ ರೀಡಿಂಗ್ ಎಷ್ಟಿತ್ತು ಎಂಬ ಪ್ರಶ್ನೆಗೆ ಕಚೇರಿಯ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಬಾಡಿಗೆದಾರರ ಮಾತು ಒಂದು ಉಳಿಯಿತು. ಬೆಂಗಳೂರಿನಂಥ ಊರಿನಲ್ಲಿ ಬಿಲ್ ಕಟ್ಟುವವರು ಬಾಡಿಗೆದಾರರು, ಆರ್‌ಆರ್ ನಂಬರ್ ಇರುವುದು ಮಾಲೀಕರ ಹೆಸರಿನಲ್ಲಿ. ಹೆಚ್ಚುವರಿ ಠೇವಣಿಯ ಬೇಡಿಕೆ ಬಂದಾಗ ಅದನ್ನೂ ಕರೆಂಟಿನ ಖರ್ಚು ಎಂದೇ ಭಾವಿಸಿ ಬಾಡಿಗೆದಾರರು ಕಟ್ಟಿಬಿಡುತ್ತಾರೆ. ಅದು ಖರ್ಚಲ್ಲ, ಮಾಲೀಕರ ಖಾತೆಯಲ್ಲಿ ಕೂತ ಆಸ್ತಿ. ಮುಂದೆ ಎಂದೋ ಆ ಸಂಪರ್ಕ ಮುಚ್ಚಿದಾಗ ಕಂಪನಿ ಆ ಹಣವನ್ನು ಕೊಡುವುದು ಹೆಸರಿದ್ದವರಿಗೇ, ಕಟ್ಟಿದವರಿಗಲ್ಲ. ವರ್ಷದ ಬಡ್ಡಿ ಮಾತ್ರ ಬಿಲ್‌ನಲ್ಲಿ ಕಳೆಯುವುದರಿಂದ ಆ ತಿಂಗಳು ಯಾರು ಬಿಲ್ ಕಟ್ಟುತ್ತಾರೋ ಅವರಿಗೆ ಸಿಗುತ್ತದೆ. ಹೀಗಾಗಿ ಬಾಡಿಗೆದಾರರು ಹೆಚ್ಚುವರಿ ಠೇವಣಿ ಕಟ್ಟಿದ ದಿನವೇ ಅದರ ರಸೀದಿಯನ್ನು ಮಾಲೀಕರಿಗೆ ಕಳಿಸಿ, ಮುಂದಿನ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಬೇಕು, ಇಲ್ಲವೇ ಮನೆ ಬಿಡುವಾಗ ಅಡ್ವಾನ್ಸ್ ಜೊತೆಗೆ ಕೊಡುವುದಾಗಿ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಬೇಕು. ಮನೆ ಬಿಡುವ ವಾರದಲ್ಲಿ ಪೇಂಟಿಂಗ್ ಖರ್ಚು, ಒಡೆದ ನಲ್ಲಿ ಎಂದು ಲೆಕ್ಕ ಶುರುವಾದಾಗ, ಎರಡು ವರ್ಷದ ಹಿಂದೆ ಕಟ್ಟಿದ 1,200 ರೂಪಾಯಿಯ ಠೇವಣಿಯನ್ನು ರಸೀದಿಯಿಲ್ಲದೆ ಎತ್ತಿದರೆ ಮಾಲೀಕರು ಒಪ್ಪುವುದು ಕಷ್ಟ.